ಸಹಾಯ ಬೇಕು: ಅಜ್ಜನ ನೆನಪು ಒಂದು ವರ್ಷ ಹೇಳುತ್ತೆ, ಪಿ.ಎಫ್. ಚೀಟಿ ಇನ್ನೊಂದು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹತ್ತಿ ಗಿರಣಿ ಕಾರ್ಮಿಕರ ಮೌಖಿಕ ಇತಿಹಾಸದ ಬಗ್ಗೆ ಮುಂದಿನ ವಾರ ನಾನು ಕಾಲೇಜಿನಲ್ಲಿ ಮಾತಾಡಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ನೂಲುವ ವಿಭಾಗದಲ್ಲಿದ್ದ ಅಜ್ಜರೊಬ್ಬರು, "ಇಂದಿರಾಗಾಂಧಿ ತೀರಿಕೊಂಡ ವರ್ಷವೇ ಗೇಟಿಗೆ ಬೀಗ ಬಿತ್ತು" ಅಂದರು. ಅಂದ್ರೆ 1984. ಆಮೇಲೆ ಅವರೇ ಟ್ರಂಕಿನಿಂದ ಪಿ.ಎಫ್. ಚೀಟಿ ತೆಗೆದರು. ಅದರಲ್ಲಿ 1987ರವರೆಗೂ ಸಂಬಳದಿಂದ ಹಣ ಕಡಿತವಾಗಿದೆ! ಚೀಟಿ ತೋರಿಸಿ "ಯಾವುದು ಸರಿ?" ಅಂತ ಕೇಳಿದ್ದು ನನ್ನದೇ ತಪ್ಪು. ಅವರು ಸುಮ್ನಾಗಿಬಿಟ್ಟರು. "ಬೀಗ ಬಿದ್ದ ದಿನ ಯಾವ ಪಾಳಿ ಇತ್ತು?" ಅಂತ ಕೇಳಿದ್ದರೆ ಮಾತು ಮುಂದುವರಿಯುತ್ತಿತ್ತೇನೋ. ಮೊದಲೊಂದು ಲಾಕೌಟ್ ಆಗಿ, ಕೊನೆಯ ಮುಚ್ಚುವಿಕೆ ಜೊತೆ ನೆನಪಲ್ಲಿ ಬೆರೆತಿರಬಹುದು ಅಂತ ನನ್ನ ಊಹೆ. ಅವರ ಮಾತನ್ನು ತಿದ್ದದೆ, ಚೀಟಿಯ ವಿವರವನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ತೋರಿಸಿದರೆ ಸರೀನಾ? ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾದ್ರೆ ಅದಕ್ಕೂ ಹಿಂದಿನ ಕಾರ್ಮಿಕ ಇಲಾಖೆ ಕಡತಗಳನ್ನು ಚಿತ್ರದುರ್ಗದಲ್ಲಿ ಹುಡುಕಬೇಕಾ? ಯಾರಾದರೂ ನೋಡಿದ್ದೀರಾ?

ಇನ್ನೊಂದು, ಒಪ್ಪಿಗೆ ವಿಷಯ. ಅಜ್ಜ ರೆಕಾರ್ಡಿಂಗ್‌ನಲ್ಲೇ "ಹ್ಞೂಂ, ಬರ್ಕೋ" ಅಂದಿದ್ದಾರೆ. ಆದರೆ ಕೆಲಸ ಕೊಡಿಸಲು ದುಡ್ಡು ತಗೊಂಡ ಮೇಸ್ತ್ರಿಯ ಹೆಸರನ್ನೂ ಹೇಳಿದ್ದಾರೆ. ಮರುದಿನ ಅವರ ಮಗ ಫೋನ್ ಮಾಡಿ, "ಆ ಮನೆಯವರು ನಮ್ಮ ಓಣಿಯಲ್ಲೇ ಇದ್ದಾರೆ, ಅದನ್ನು ತೆಗೀರಿ" ಅಂದರು. ಅಜ್ಜ ಮಾತ್ರ ಇರಲಿ ಅಂತಾರೆ. ಸದ್ಯಕ್ಕೆ ಆ ಭಾಗ ಕೇಳಿಸಬಾರದು ಅಂತ ನನ್ನ ಲೆಕ್ಕ. ಮೂಲ ಧ್ವನಿಯನ್ನೂ ಕತ್ತರಿಸಬೇಕಾ? ತರಗತಿಯಲ್ಲಿ ಕೇಳಿಸಲು ಕೊಟ್ಟ ಒಪ್ಪಿಗೆ ಗ್ರಂಥಾಲಯದಲ್ಲಿ ಇಡಲೂ ಸಾಕಾ, ಬೇರೆ ಕೇಳಬೇಕಾ? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.