ಟೆರೇಸ್ ಸೋರಿಕೆ: ಮಳೆಗೆ ಮೂರು ವಾರ ಇದೆ, ಕೆಲಸ ಮುಗಿಯುತ್ತಾ?

ಪ್ರಶ್ನೆ: ಶಿವಮೊಗ್ಗದಲ್ಲಿ 12 ವರ್ಷದ ಮನೆ. ಬೆಡ್‌ರೂಮಿನ ಮೂಲೆಯಲ್ಲಿ, ಗೋಡೆ ಸೀಲಿಂಗಿಗೆ ಸೇರುವ ಕಡೆ ಮಳೆಗಾಲದಲ್ಲಿ ಒದ್ದೆ. ಎರಡು ವರ್ಷದ ಹಿಂದೆ ಟೆರೇಸಿಗೆ ಹೊಡೆಸಿದ ಬಿಳಿ ಕೋಟಿಂಗ್ ಸಿಪ್ಪೆ ಏಳುತ್ತಿದೆ. ಒಬ್ಬರು ಎರಡೇ ದಿನದಲ್ಲಿ ಮುಗಿಸಿ 10 ವರ್ಷ ವಾರಂಟಿ ಕೊಡುತ್ತಾರಂತೆ. ಮಾಡಿಸಲಾ?

ವಾಟರ್‌ಪ್ರೂಫಿಂಗ್ ಕಾಂಟ್ರಾಕ್ಟರ್: ಸ್ವಲ್ಪ ತಡೆಯಿರಿ ಸರ್. ನಾನೂ ಇದೇ ಕೆಲಸದವನು, ನಿಮ್ಮ ಕಡೆ ಈಗ ಕೆಲಸ ಹಿಡಿಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾರಿಗೆ ಕೊಟ್ಟರೂ ಮೊದಲು ನೀರು ನಿಲ್ಲಿಸಿ ನೋಡಿ. ಆ ಮೂಲೆಯ ಹತ್ತಿರ, ಪ್ಯಾರಾಪೆಟ್ಟಿನಿಂದ ಒಂದಡಿ ಬಿಟ್ಟು ಸಣ್ಣ ಗಾರೆ ಕಟ್ಟೆ ಕಟ್ಟಿ, 2 ಇಂಚು ನೀರು ಎರಡು ದಿನ ಇರಲಿ. ಕೆಳಗೆ ಒದ್ದೆ ಆಗದಿದ್ದರೆ ಪ್ಯಾರಾಪೆಟ್ ಕಡೆಯ ಕಟ್ಟೆ ಒಡೆದು, ನೀರು ಪ್ಯಾರಾಪೆಟ್ಟಿಗೆ ತಾಗುವ ಹಾಗೆ ಇನ್ನೆರಡು ದಿನ ನಿಲ್ಲಿಸಿ. ಆಗ ಒದ್ದೆಯಾದರೆ ತಪ್ಪು ಪ್ಯಾರಾಪೆಟ್ ತಾರಸಿಗೆ ಸೇರುವ ಸಂದಿಯದ್ದು. ನನ್ನ ಅನುಮಾನವೂ ಅಲ್ಲೇ.

ಸಂದಿಯೇ ಆದರೆ ಹಳೇ ಕೋಟಿಂಗ್ ಕೆರೆದು, ಸಂದಿ ಅಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಮೂಲೆ ದುಂಡಗಾಗುವ ಹಾಗೆ ಗೋಲಾ ಕಟ್ಟಬೇಕು. ಇದಕ್ಕೆ 2 ದಿನ. ಆಮೇಲೆ 7 ದಿನ ನೀರು ಹೊಡೆದು, 4 ದಿನ ಒಣಗಲು ಬಿಟ್ಟು, ಮತ್ತೆ 3 ದಿನ ಕೋಟಿಂಗ್. ಪರೀಕ್ಷೆಯ 4 ದಿನ ಸೇರಿದರೆ 20. ಮಧ್ಯೆ ಮಳೆ ಸುರಿದರೆ ಇನ್ನೂ ಜಾಸ್ತಿ. ಮೂರು ವಾರದಲ್ಲಿ ಮುಗಿಸುತ್ತೇನೆ ಅಂತ ನಾನು ಮಾತು ಕೊಡಲ್ಲ. ಆಗದಿದ್ದರೆ ಸಂದಿ ಮಾತ್ರ ಈಗ, ಕೋಟಿಂಗ್ ಮಳೆ ನಿಂತ ಮೇಲೆ.

ಒದ್ದೆ ತಾರಸಿಯ ಮೇಲೆ ಹೊಡೆದರೆ ಸಿಪ್ಪೆ ಏಳುತ್ತದೆ, ನಿಮ್ಮದೂ ಹಾಗೇ ಆಗಿರಬಹುದು. ಸಂಜೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಬೆಳಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಒಣಗಿಲ್ಲ.

ಒಬ್ಬ ಮೇಸ್ತ್ರಿ: ಇಷ್ಟೆಲ್ಲ ಯಾಕೆ? ಸಿಮೆಂಟಿಗೆ ವಾಟರ್‌ಪ್ರೂಫ್ ಪುಡಿ ಬೆರೆಸಿ ಬಳಿದರೆ ಸಾಕು.

ಕಾಂಟ್ರಾಕ್ಟರ್: ಹೊಸ ಗಾರೆಗೆ ಪುಡಿ ಒಳ್ಳೆಯದೇ ಅಣ್ಣ. ಆದರೆ ಬಿಸಿಲಿಗೆ ಸಂದಿ ಹಿಗ್ಗುತ್ತೆ, ಕುಗ್ಗುತ್ತೆ. ಸುಮ್ನೆ ಸಿಮೆಂಟ್ ಬಳಿದರೆ ಅದೇ ಗೆರೆಯಲ್ಲಿ ಮತ್ತೆ ಬಿರುಕು.

ಇನ್ನೊಬ್ಬರು: ನಮ್ಮದೂ ಇದೇ ಕಥೆ! ಮೇಲಿನ ಮನೆ ಬಾತ್‌ರೂಮಿನ ಕೆಳಗೆ ವರ್ಷವಿಡೀ ಹನಿ. ಟೆರೇಸ್ ಕೋಟಿಂಗ್ ಮಾಡಿಸಿದರೆ ನಿಲ್ಲುತ್ತಾ?

ಕಾಂಟ್ರಾಕ್ಟರ್: ಇಲ್ಲಮ್ಮ, ಬೇಸಿಗೆಯಲ್ಲೂ ಹನಿಯುತ್ತದೆ ಅಂದರೆ ಅದು ಮಳೆನೀರಲ್ಲ. ಪೈಪ್, ಟೈಲ್ಸ್ ಸಂದಿ ನೋಡಿಸಿ.

ಕೇಳಿದವರು: ನಿಮ್ಮ ವಾರಂಟಿ ಎಷ್ಟು?

ಕಾಂಟ್ರಾಕ್ಟರ್: 5 ವರ್ಷ, ಬರೆದು ಕೊಡುತ್ತೇನೆ. ನಾನು ಮಾಡಿದ ಜಾಗ ಸೋರಿದರೆ ಸಾಮಾನು, ಕೂಲಿ ಎರಡೂ ನನ್ನದು. ಡಿಶ್‌ಗೋ ಸೋಲಾರಿಗೋ ತೂತು ಕೊರೆಸಿದರೆ ಅಲ್ಲಿಗೆ ಇಲ್ಲ. ಅವರ 10 ವರ್ಷ ಬರೀ ಸಾಮಾನಿಗಾ, ಕೂಲಿಗೂ ಇದೆಯಾ, ಓದಿ ನೋಡಿ.

ಕೇಳಿದವರು: ಎರಡು ದಿನ ನೀರು ನಿಲ್ಲಿಸಿದ್ದೆ, ಕೆಳಗೆ ಏನೂ ಇಲ್ಲ. ನಾಳೆ ಕಟ್ಟೆ ಒಡೆಯುತ್ತೇನೆ. ಆದರೆ ಟ್ಯಾಂಕಿನ ಪೈಪೂ ಅದೇ ಗೋಡೆಯಲ್ಲಿ ಇಳಿದಿದೆ.

ಕಾಂಟ್ರಾಕ್ಟರ್: ಅದನ್ನು ಮೊದಲೇ ಹೇಳಬಾರದಿತ್ತಾ ಸರ್! ಬೇಸಿಗೆಯಲ್ಲಿ ಅಲ್ಲಿ ಒದ್ದೆ ಇರುತ್ತಾ?

ಕೇಳಿದವರು: ಗಮನಿಸಿಲ್ಲ. ಬೀರು ಅಡ್ಡ ಇದೆ.

ಕಾಂಟ್ರಾಕ್ಟರ್: ಕಟ್ಟೆ ಒಡೆಯುವ ಮೊದಲು ಬೀರು ಸರಿಸಿ ಒಂದು ಫೋಟೋ ಹಾಕಿ.