ಜೆಲ್‌ನಲ್ಲಿ xa13 ಕಾಣುತ್ತದೆ, ಆದರೂ ಎಲೆಗೆ ಅಂಗಮಾರಿ: ಈ ಸಸಿಗಳನ್ನು ಬಿಸಾಡಬೇಕೆ?

ಮಡಗಾಂವ್_ಕೃಷಿ:
ಗೋವಾದಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಿದ್ದು, ಜಯಾ ಭತ್ತಕ್ಕೆ ದುಂಡಾಣು ಅಂಗಮಾರಿ ನಿರೋಧಕತೆ ಸೇರಿಸುವ ಕೆಲಸದಲ್ಲಿ ನೆರವಾಗುತ್ತಿದ್ದೇನೆ. ದಾನಿ ತಳಿ xa13 ಎಂಬ ನಿರೋಧಕ ಜೀನ್ ಇರುವ IRBB13. ಮೊದಲ ಸಂಕರವನ್ನು ಮತ್ತೆ ಜಯಾದೊಂದಿಗೆ ಕೂಡಿಸಿ ಪಡೆದ 32 ಸಸಿಗಳನ್ನು xa13-prom ಮಾರ್ಕರ್‌ನಿಂದ ಪರೀಕ್ಷಿಸಿದೆವು. 9 ಸಸಿಗಳಲ್ಲಿ ಸುಮಾರು 500 ಮತ್ತು 250 ಬೇಸ್‌ಪೇರ್‌ಗಳ ಎರಡು ಬ್ಯಾಂಡ್‌ಗಳಿದ್ದವು. ಉಳಿದ 23ರಲ್ಲಿ ಜಯಾದಂತೆ ಕೆಳಗಿನದೊಂದೇ ಇತ್ತು. ಬಳಿಕ ದುಂಡಾಣು ದ್ರಾವಣದಲ್ಲಿ ಅದ್ದಿದ ಕತ್ತರಿಯಿಂದ ಎಲ್ಲ ಸಸಿಗಳ ಎಲೆತುದಿ ಕತ್ತರಿಸಿ, 14ನೇ ದಿನ ಮಚ್ಚೆ ಅಳೆದೆವು. ಆ 9 ಸಸಿಗಳಲ್ಲೂ ಮಚ್ಚೆ 15 ಸೆಂ.ಮೀ. ದಾಟಿದೆ. ಇವುಗಳನ್ನು ಮುಂದಿನ ಸಂಕರಕ್ಕೆ ಇಟ್ಟುಕೊಳ್ಳಬಹುದೆ?

ಠಾಣೆ_ಜೈವಿಕ:
ಇದು ರೀಕಾಂಬಿನೇಶನ್ ಇರಬೇಕು. ಮಾರ್ಕರ್ ಬಂದಿದೆ, ಪಕ್ಕದ ಜೀನ್ ಕಳಚಿಕೊಂಡಿದೆ. ಜೀನಿನ ಇನ್ನೊಂದು ಬದಿಗೂ ಒಂದು ಮಾರ್ಕರ್ ಹಾಕಿ ನೋಡಿ.

ಪೊಂಡಾ_ಗದ್ದೆ:
ನಮ್ಮ ಜ್ಯೋತಿ ಭತ್ತದಲ್ಲೂ ಎಲೆಯ ಅಂಚು ಹಳದಿಯಾಗಿ ತುದಿಯಿಂದ ಒಣಗುತ್ತಾ ಬರುತ್ತಿದೆ. ಇದಕ್ಕೆ ಯಾವ ಔಷಧ ಸಿಂಪಡಿಸಬೇಕು ಎಂದು ಯಾರಾದರೂ ತಿಳಿಸುವಿರಾ?

ಪುಣೆ_ತಳಿಗಾರ್ತಿ:
ಪೊಂಡಾದವರೇ, ನಿಂತ ಬೆಳೆಗೆ ಮಾರ್ಕರ್‌ನಿಂದ ಪ್ರಯೋಜನವಿಲ್ಲ. ಸದ್ಯಕ್ಕೆ ಯೂರಿಯಾ ಮೇಲುಗೊಬ್ಬರ ನಿಲ್ಲಿಸಿ, ಗದ್ದೆಯ ನೀರು ಬಸಿದು, ಒಂದು ಗಿಡವನ್ನು ಹತ್ತಿರದ ಕೃಷಿ ಕಚೇರಿಯಲ್ಲಿ ತೋರಿಸಿ.

ಠಾಣೆಯವರು ಹೇಳಿದ ಕಾರಣ ದೂರದ ಮಾರ್ಕರ್‌ಗಳ ವಿಷಯದಲ್ಲಿ ಸರಿ. ಆದರೆ xa13-prom ಆ ಜೀನಿನ ಪ್ರಮೋಟರ್ ಭಾಗವನ್ನೇ ಓದುತ್ತದೆ. ಮಾರ್ಕರ್ ಮತ್ತು ಜೀನ್ 9ಕ್ಕೆ 9 ಸಸಿಗಳಲ್ಲೂ ಬೇರ್ಪಟ್ಟಿವೆ ಎನ್ನುವುದು ನಂಬುವಂಥದ್ದಲ್ಲ.

ಕಾರಣ xa13 ರಿಸೆಸಿವ್ ಆಗಿರುವುದರಲ್ಲಿದೆ. ಈ ಜಾಗದ ಸಾಮಾನ್ಯ ಜೀನ್ SWEET11, ಸಕ್ಕರೆಯನ್ನು ಜೀವಕೋಶದಿಂದ ಹೊರಗೆ ಬಿಡುವ ಪ್ರೋಟೀನನ್ನು ತಯಾರಿಸುತ್ತದೆ. ದುಂಡಾಣು ತನ್ನದೊಂದು ಪ್ರೋಟೀನನ್ನು ಎಲೆಯ ಜೀವಕೋಶದೊಳಕ್ಕೆ ಕಳುಹಿಸಿ ಇದೇ ಜೀನಿನ ಪ್ರಮೋಟರನ್ನು ಹಿಡಿದು, ಸಕ್ಕರೆ ಹೊರಬರುವಂತೆ ಮಾಡಿಕೊಳ್ಳುತ್ತದೆ. xa13ರಲ್ಲಿ ಪ್ರಮೋಟರ್ ಬದಲಾಗಿರುವುದರಿಂದ ಆ ಹಿಡಿತ ಸಿಗುವುದಿಲ್ಲ. ನಿಮ್ಮ ಬ್ಯಾಕ್‌ಕ್ರಾಸ್ ಸಸಿಗಳಲ್ಲಿ ಒಂದು ಪ್ರತಿ IRBB13ರದ್ದು, ಇನ್ನೊಂದು ಜಯಾದ್ದು. ಜಯಾದ ಆ ಒಂದು ಪ್ರತಿಯೇ ದುಂಡಾಣುವಿಗೆ ಸಾಕಾಗುತ್ತದೆ. ಆದ್ದರಿಂದ ಈ ಪೀಳಿಗೆಯಲ್ಲಿ ನಿರೋಧಕ ಸಸಿಯನ್ನು ನಿರೀಕ್ಷಿಸುವಂತೆಯೇ ಇಲ್ಲ. ಮಾರ್ಕರ್ ಇಲ್ಲದಿದ್ದರೆ ಪ್ರತಿ ಬ್ಯಾಕ್‌ಕ್ರಾಸ್‌ನ ನಂತರವೂ ಸ್ವಪರಾಗಸ್ಪರ್ಶ ಮಾಡಿಸಿ, ರೋಗ ತಗುಲಿಸಿ ನೋಡಬೇಕಾಗುತ್ತಿತ್ತು. ಆ 9 ಸಸಿಗಳನ್ನು ದಯವಿಟ್ಟು ಬಿಸಾಡಬೇಡಿ.

ನನಗೆ ಸಂಶಯ ಬರುವುದು ಉಳಿದ 23ರ ಮೇಲೆ. 32ರಲ್ಲಿ ಸುಮಾರು 16 ಸಸಿಗಳಿಗೆ ಎರಡು ಬ್ಯಾಂಡ್ ಬರಬೇಕಿತ್ತು. 9 ಮಾತ್ರ ಬಂದಾಗ ಕೈ-ವರ್ಗದ ಮೌಲ್ಯ 6.1 ಆಗುತ್ತದೆ, ಮಿತಿ 3.84. ಅಂದರೆ ಇಷ್ಟು ವ್ಯತ್ಯಾಸವನ್ನು ಬರೀ ಆಕಸ್ಮಿಕ ಎನ್ನುವುದು ಕಷ್ಟ. ಪಿಸಿಆರ್‌ನಲ್ಲಿ ಚಿಕ್ಕ ತುಣುಕು ಹೆಚ್ಚು ಪ್ರತಿಗಳಾಗಿ, ಉದ್ದದ್ದು ಮಸುಕಾಗುವುದುಂಟು. ಹೀಗೆ ಜೀನ್ ಇರುವ ಸಸಿಯೂ ಜಯಾದಂತೆ ಕಾಣಬಹುದು. ಜಯಾ ಮತ್ತು IRBB13ರ ಡಿಎನ್‌ಎ ಸಮ ಪ್ರಮಾಣದಲ್ಲಿ ಬೆರೆಸಿದ ಮಾದರಿ ಮತ್ತು ಮೊದಲ ಸಂಕರದ ಮಾದರಿ ಎರಡನ್ನೂ ಅದೇ ಜೆಲ್‌ನಲ್ಲಿ ಓಡಿಸಿ. ಪಿಸಿಆರ್‌ನ ಎಕ್ಸ್‌ಟೆನ್ಶನ್ ಸಮಯವನ್ನೂ ಹೆಚ್ಚಿಸಿ ನೋಡಿ.

ಠಾಣೆ_ಜೈವಿಕ:
ಹಾಗಾದರೆ ರಿಸೆಸಿವ್ ಜೀನಿನ ತಂಟೆಯೇಕೆ? ಡಾಮಿನೆಂಟ್ ಆದ Xa21 ನಿರೋಧಕ ಜೀನ್ ಒಂದು ಪ್ರತಿಯಿದ್ದರೂ ಸಾಕಲ್ಲವೆ?

ಪುಣೆ_ತಳಿಗಾರ್ತಿ:
ನಿಜ, Xa21 ಆಗಿದ್ದರೆ ಈ ಪೀಳಿಗೆಯಲ್ಲೇ ಮಚ್ಚೆ ಕುಗ್ಗುವುದು ಕಾಣುತ್ತಿತ್ತು. ಆದರೆ ಒಂದೇ ಜೀನನ್ನು ನಂಬಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. SWEET11 ಬಿಟ್ಟು ಅದೇ ಬಗೆಯ ಇನ್ನೊಂದು ಜೀನ್ SWEET14 ಬಳಸಿಕೊಳ್ಳುವ ದುಂಡಾಣು ತಳಿಗಳ ಮುಂದೆ xa13 ಒಂಟಿಯಾಗಿ ನಿಲ್ಲದು. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಯಲ್ಲಿ xa5, xa13, Xa21 ಮೂರನ್ನೂ ಒಟ್ಟಿಗೆ ಇರಿಸಿರುವುದು ಇಂಥ ಕಾರಣಕ್ಕೇ.

ಮಡಗಾಂವ್_ಕೃಷಿ:
ಧನ್ಯವಾದಗಳು ಮೇಡಂ. ಮೊದಲ ಸಂಕರದ ಮಾದರಿಯಲ್ಲೂ ಮೇಲಿನ ಬ್ಯಾಂಡ್ ತೆಳುವಾಗಿಯೇ ಬಂದಿತ್ತು. ಎಕ್ಸ್‌ಟೆನ್ಶನ್ ಸಮಯ ಹೆಚ್ಚಿಸಿದಾಗ 23ರಲ್ಲಿ 5 ಸಸಿಗಳಿಗೆ ಎರಡನೆಯ ಬ್ಯಾಂಡ್ ಸ್ಪಷ್ಟವಾಯಿತು. ಈಗ ಒಟ್ಟು 14. ಆದರೆ 17ನೇ ಸಸಿಯಲ್ಲಿ ಕೆಳಗಿನ ಬ್ಯಾಂಡ್ ಮಾತ್ರ ಇದ್ದರೂ ಮಚ್ಚೆ 3 ಸೆಂ.ಮೀ. ಅಷ್ಟೇ ಇದೆ. ಬ್ಯಾಕ್‌ಕ್ರಾಸ್‌ಗಳು ಮುಗಿದ ಮೇಲೆ ಎಷ್ಟು ಸಸಿಗಳನ್ನು ನೋಡಬೇಕಾಗುತ್ತದೆ?

ಪುಣೆ_ತಳಿಗಾರ್ತಿ:
ಕೊನೆಯಲ್ಲಿ ಸ್ವಪರಾಗಸ್ಪರ್ಶವಾದಾಗ ನಾಲ್ಕರಲ್ಲಿ ಒಂದು ಸಸಿಗೆ 500ರ ಬ್ಯಾಂಡ್ ಮಾತ್ರ ಇರುತ್ತದೆ. 17 ಸಸಿ ನೋಡಿದರೆ ಅಂಥದ್ದು ಒಂದೂ ಸಿಗದಿರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಜಯಾದ ಗುಣಗಳನ್ನೂ ನೋಡಿ ಆರಿಸಬೇಕಾದ್ದರಿಂದ ಹೆಚ್ಚು ಬೆಳೆಸುವುದು ಒಳ್ಳೆಯದು.

17ನೇ ಸಸಿಗೆ xa13 ಉತ್ತರವಲ್ಲ. ಮೇಲಿನ ಬ್ಯಾಂಡ್ ಅಡಗಿದ್ದರೂ ಒಂದೇ ಪ್ರತಿಯಿಂದ ಮಚ್ಚೆ ಕುಗ್ಗುವುದಿಲ್ಲ. ಕತ್ತರಿಗೆ ದ್ರಾವಣ ಸರಿಯಾಗಿ ಅಂಟಿರದೆ ರೋಗ ತಪ್ಪಿರಬಹುದು, ಅಥವಾ ಬೇರೆ ಕಾರಣವಿರಬಹುದು. ಬೇರೆ ತೆಂಡೆಯ ಮೂರ್ನಾಲ್ಕು ಹೊಸ ಎಲೆಗಳಿಗೆ, ಪಕ್ಕದಲ್ಲೇ ಜಯಾಕ್ಕೂ, ಅದೇ ದ್ರಾವಣದಿಂದ ಮತ್ತೆ ರೋಗ ತಗುಲಿಸಿ.

ಮಡಗಾಂವ್_ಕೃಷಿ:
ಇಂದು ಮಧ್ಯಾಹ್ನ ತಗುಲಿಸಿದ್ದೇವೆ. 14ನೇ ದಿನದ ಅಳತೆಯನ್ನು ಇಲ್ಲೇ ಹಾಕುತ್ತೇನೆ.