ಪದಚರ್ಚೆ: ರಿಗ್ರೆಷನ್ ಟೇಬಲ್‌ನ ‘ಬೀಟಾ’ ನೋಡಿ ‘ಹೆಚ್ಚು ಮುಖ್ಯ’ ಅನ್ನಬಹುದೇ?

ರಮ್ಯಾ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಡಿಗ್ರಿ ಮಕ್ಕಳಿಗಾಗಿ ರಿಗ್ರೆಷನ್ ಬಗ್ಗೆ, ಅಂದರೆ ಒಂದು ಸಂಗತಿ ಬದಲಾದಂತೆ ಇನ್ನೊಂದು ಸರಾಸರಿ ಎಷ್ಟು ಬದಲಾಗುತ್ತದೆ ಎಂದು ಅಂದಾಜು ಮಾಡುವ ಲೆಕ್ಕದ ಬಗ್ಗೆ, ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಒಂದು ಕಡೆ ಪದ ಸಿಗದೆ ನಿಂತಿದೆ.

ಉದಾಹರಣೆಗೆ ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಗಳ ಬಾಡಿಗೆ ತಗೊಂಡಿದ್ದೇನೆ. ಅಂಕಿಗಳು ಪಾಠಕ್ಕೆಂದು ನಾನೇ ಕಟ್ಟಿದ್ದು, ಸರ್ವೆ ಮಾಡಿದ್ದಲ್ಲ. ಮನೆ ಒಂದು ಚದರಡಿ ದೊಡ್ಡದಾದರೆ ತಿಂಗಳ ಬಾಡಿಗೆ 20 ರೂಪಾಯಿ ಏರುತ್ತದೆ. ಮೆಟ್ರೊ ಸ್ಟೇಷನ್ನಿನಿಂದ ಒಂದು ಕಿಲೋಮೀಟರ್ ದೂರ ಸರಿದರೆ 2,000 ರೂಪಾಯಿ ಇಳಿಯುತ್ತದೆ. SPSS ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕೊಡುವ ಟೇಬಲ್‌ನಲ್ಲಿ ಈ ಎರಡು ಸಂಖ್ಯೆ `B` ಕಾಲಂನಲ್ಲಿ ಇರುತ್ತವೆ. ಆಚೆ `Beta` ಅಂತ ಇನ್ನೊಂದು ಕಾಲಂ ಇದೆ. ಅದರಲ್ಲಿ ವಿಸ್ತೀರ್ಣಕ್ಕೆ 0.5, ದೂರಕ್ಕೆ -0.375. ಆ ಕಾಲಂನ ತಲೆಬರಹ `Standardized Coefficients`.

ನನ್ನ ಮೊದಲ ಪ್ರಶ್ನೆ, ಇದಕ್ಕೆ ‘ಪ್ರಮಾಣೀಕೃತ ಗುಣಾಂಕ’ ಅಂದರೆ ಆದೀತೇ? ಎರಡನೆಯದು, “ಬಾಡಿಗೆಯ ಮಟ್ಟಿಗೆ ಮೆಟ್ರೊ ದೂರಕ್ಕಿಂತ ವಿಸ್ತೀರ್ಣವೇ ಹೆಚ್ಚು ಮುಖ್ಯ” ಎಂದು ಬರೆದಿದ್ದೇನೆ. ಇಲ್ಲಿ ‘ಮುಖ್ಯ’ ಸರಿಯಾದ ಮಾತೇ? ‘ಪ್ರಭಾವಶಾಲಿ’ ಅನ್ನಬೇಕೇ?

ಶ್ರೀಧರ, ರಾಜಾಜಿನಗರ

ಮೇಡಂ, ‘ಪ್ರಮಾಣೀಕೃತ’ ಬೇಡ. ಪ್ರಮಾಣೀಕೃತ ಪ್ರತಿ ಅಂದರೆ ಅಧಿಕಾರಿ ಸಹಿ ಹಾಕಿ, ಸೀಲು ಒತ್ತಿದ್ದು. ನಾನಂತೂ ಇದು ಸರ್ಕಾರ ನಿಗದಿ ಮಾಡಿದ ಬಾಡಿಗೆ ದರ ಅಂತಲೇ ಓದಿಕೊಂಡೆ. ಹಾಗೇನಾದರೂ ಬಂದಿದ್ದರೆ ದಯವಿಟ್ಟು ತಿಳಿಸಿ.

ವಿಸ್ತೀರ್ಣವೇ ಮುಖ್ಯ ಅನ್ನುವುದು ಸರಿ. ನಮ್ಮ ಬೀದಿಯ ಎಲ್ಲ ಮನೆಗಳಿಂದಲೂ ಮೆಟ್ರೊಗೆ ನಡೆದೇ ಹೋಗಬಹುದು. ನಮ್ಮ ಮೇಲಿನ ಮನೆ ಕೇಳಿಕೊಂಡು ಬರುವವರು ಮೆಟ್ರೊ ಮಾತೇ ಎತ್ತುವುದಿಲ್ಲ. ಹಾಲ್ ಎಷ್ಟು ದೊಡ್ಡದು, ಎರಡನೇ ರೂಮಿನಲ್ಲಿ ಮಂಚ ಹಿಡಿಸುತ್ತದಾ ಅಂತ ಕೇಳುತ್ತಾರೆ.

ನವೀನ್, ಮಾರತ್‌ಹಳ್ಳಿ

ಶ್ರೀಧರ್ ಸರ್, ಇದು ಸರ್ಕಾರದ ದರ ಅಲ್ಲ. ನಾನು ದಿನಾ ಈ ಟೇಬಲ್‌ಗಳ ಜೊತೆಯಲ್ಲೇ ಕೆಲಸ ಮಾಡುತ್ತೇನೆ, ಹೇಳುತ್ತೇನೆ ನೋಡಿ.

20ನ್ನೂ 2,000ವನ್ನೂ ಪಕ್ಕಪಕ್ಕ ಇಟ್ಟರೆ ಮೆಟ್ರೊನೇ ನೂರು ಪಟ್ಟು ದೊಡ್ಡದು ಅನಿಸುತ್ತದೆ, ಅಲ್ವಾ? ಈಗ ಅದೇ ದೂರವನ್ನು ಮೀಟರ್‌ನಲ್ಲಿ ಬರೆಯಿರಿ. ಒಂದು ಮೀಟರ್‌ಗೆ ಬರೀ 2 ರೂಪಾಯಿ. ಈಗ ವಿಸ್ತೀರ್ಣವೇ ಹತ್ತು ಪಟ್ಟು ದೊಡ್ಡದು. ಮನೆ ಅಲ್ಲೇ ಇದೆ, ಸ್ಟೇಷನ್ನೂ ಅಲ್ಲೇ ಇದೆ. ಬದಲಾಗಿದ್ದು ಅಳತೆಪಟ್ಟಿ ಮಾತ್ರ. ಅದಕ್ಕೇ ಒಂದೊಂದನ್ನೂ ಅದರದೇ ಮಾನಕ ವಿಚಲನೆಯಿಂದ, ಅಂದರೆ ಸರಾಸರಿಯ ಸುತ್ತ ಅಂಕಿಗಳು ಎಷ್ಟು ಹರಡಿವೆ ಅನ್ನುವ ಅಳತೆಯಿಂದ, ಭಾಗಿಸಿ, ಆಮೇಲೆ ರಿಗ್ರೆಷನ್ ಮಾಡುತ್ತೇವೆ. R ಸಾಫ್ಟ್‌ವೇರ್‌ನಲ್ಲಿ ಒಂದೇ ಸಾಲು:

```
lm(scale(rent) ~ scale(area) + scale(dist))
```

ಇದಾದ ಮೇಲೆ ಚದರಡಿಯೂ ಇಲ್ಲ, ಕಿಲೋಮೀಟರೂ ಇಲ್ಲ, ರೂಪಾಯಿಯೂ ಇಲ್ಲ. ಮೀಟರ್ ಹಾಕಿದರೂ ಕಿಲೋಮೀಟರ್ ಹಾಕಿದರೂ -0.375 ಬರುತ್ತದೆ. ಘಟಕದ ಗಲಾಟೆಯೇ ಹೋದ ಮೇಲೆ ನೇರವಾಗಿ ಹೋಲಿಸಬಹುದು. 0.5 ದೊಡ್ಡದು, ಆದ್ದರಿಂದ ವಿಸ್ತೀರ್ಣ ಹೆಚ್ಚು ಮುಖ್ಯ. ರಮ್ಯಾ ಅವರ ವಾಕ್ಯ ಸರಿಯಾಗಿಯೇ ಇದೆ.

ಮೂರ್ತಿ, ಜಯನಗರ

ನವೀನ್ ಘಟಕದ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಕೊನೆಯ ಎರಡು ಸಾಲಿಗೆ ಮಾತ್ರ ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಜಾಸ್ತಿ ಎಡವಟ್ಟು ಆಗುತ್ತಿದ್ದದ್ದೇ ಈ ಜಾಗದಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಮ್ಯಾ ಅವರ 0.5 ಎಲ್ಲಿಂದ ಬಂತು ಅಂತ ಬಿಡಿಸಿ ನೋಡೋಣ. ಅವರು ಮಾನಕ ವಿಚಲನೆಗಳನ್ನು ಕೊಟ್ಟಿಲ್ಲ. ವಿಸ್ತೀರ್ಣದ್ದು 200 ಚದರಡಿ, ದೂರದ್ದು 1.5 ಕಿಲೋಮೀಟರ್, ಬಾಡಿಗೆಯದು 8,000 ರೂಪಾಯಿ ಅಂತ ಇಟ್ಟುಕೊಂಡರೆ ಲೆಕ್ಕ ಸರಿಯಾಗಿ ಕೂಡುತ್ತದೆ. 20ನ್ನು 200ರಿಂದ ಗುಣಿಸಿದರೆ 4,000. ಅದನ್ನು 8,000ದಿಂದ ಭಾಗಿಸಿದರೆ 0.5. ಹಾಗೆಯೇ 2,000ವನ್ನು 1.5ರಿಂದ ಗುಣಿಸಿದರೆ 3,000, ಭಾಗಿಸಿದರೆ 0.375. ದೂರ ಹೆಚ್ಚಿದರೆ ಬಾಡಿಗೆ ಇಳಿಯುತ್ತದೆ, ಅದಕ್ಕೆ ಮೈನಸ್.

ಅಂದರೆ ಘಟಕ ಎಲ್ಲಿಗೂ ಹೋಗಿಲ್ಲ. ಚದರಡಿ, ಕಿಲೋಮೀಟರುಗಳ ಜಾಗಕ್ಕೆ ‘ಒಂದು ಮಾನಕ ವಿಚಲನೆ’ ಅನ್ನುವ ಹೊಸ ಘಟಕ ಬಂದು ಕೂತಿದೆ. ಈ ಹೊಸ ಘಟಕ ನಿಮ್ಮ ಡೇಟಾದಲ್ಲಿ ಯಾವ ಮನೆಗಳಿವೆ ಅನ್ನುವುದರ ಮೇಲೆ ನಿಂತಿದೆ.

ಶ್ರೀಧರ ಅವರ ಬೀದಿಯನ್ನೇ ತಗೊಳ್ಳಿ. ಮೆಟ್ರೊದಿಂದ ಒಂದು ಕಿಲೋಮೀಟರ್ ಒಳಗಿನ ಮನೆಗಳನ್ನು ಮಾತ್ರ ಆರಿಸಿದಿರಿ ಅನ್ನಿ. ಕಿಲೋಮೀಟರಿಗೆ 2,000 ಇಳಿಯುವುದು ಅಲ್ಲೂ ಹಾಗೇ ಇದೆ. ಆದರೆ ದೂರದ ಹರವು ಕುಗ್ಗಿತು. ಅದರ ಮಾನಕ ವಿಚಲನೆ 1.5 ಇದ್ದದ್ದು 0.3ಕ್ಕೆ ಬಂತು. ದೂರದಿಂದ ಬರುತ್ತಿದ್ದ ಏರಿಳಿತ ಕಡಿಮೆಯಾದ್ದರಿಂದ ಬಾಡಿಗೆಯ ಮಾನಕ ವಿಚಲನೆಯೂ ಸುಮಾರು 7,400ಕ್ಕೆ ಇಳಿಯುತ್ತದೆ. ವಿಸ್ತೀರ್ಣಕ್ಕೂ ದೂರಕ್ಕೂ ತಮ್ಮಲ್ಲಿ ಸಂಬಂಧವಿಲ್ಲ ಎಂದುಕೊಂಡು ಈ ಲೆಕ್ಕ ಮಾಡಿದ್ದೇನೆ. ಈಗ ದೂರದ ಬೀಟಾ 600 ಭಾಗ 7,400, ಅಂದರೆ -0.08. ವಿಸ್ತೀರ್ಣದ್ದು 0.54.

ಮೊದಲ ಟೇಬಲ್ ನೋಡಿದವರು ಮೆಟ್ರೊ ದೂರಕ್ಕೂ ಒಳ್ಳೆಯ ಬೆಲೆ ಇದೆ ಅಂತಾರೆ. ಎರಡನೇದು ನೋಡಿದವರು ಮೆಟ್ರೊ ಲೆಕ್ಕಕ್ಕೇ ಇಲ್ಲ ಅಂತಾರೆ. ಬಾಡಿಗೆದಾರ ಒಂದು ಕಿಲೋಮೀಟರಿಗೆ ಕೊಡುವ ಬೆಲೆ ಎರಡರಲ್ಲೂ 2,000ವೇ. ಶ್ರೀಧರ ಅವರ ಮನೆಗೆ ಬರುವವರು ಮೆಟ್ರೊ ಬಗ್ಗೆ ಕೇಳುವುದಿಲ್ಲ ಅಂದರೆ ಅವರಿಗೆ ಅದು ಬೇಡ ಅಂತಲ್ಲ. ಆ ಬೀದಿಯಲ್ಲಿ ಯಾವ ಮನೆ ನೋಡಿದರೂ ಅದು ಸಿಗುತ್ತದೆ, ಅದಕ್ಕೇ ಕೇಳುವುದಿಲ್ಲ.

ಇದು ಹಳೆಯ ಜಗಳ. 1920ರಲ್ಲಿ ತಳಿವಿಜ್ಞಾನಿ ಸ್ಯೂವಲ್ ರೈಟ್ ಗಿನಿಯಿಲಿಗಳ ಮೈಮೇಲಿನ ಬಿಳಿ ಮಚ್ಚೆಗಳಲ್ಲಿ ಅನುವಂಶೀಯತೆ ಎಷ್ಟು, ಪರಿಸರ ಎಷ್ಟು ಅಂತ ಅಳೆಯಲು ಇಂಥವೇ ಮಾನಕ ಗುಣಾಂಕಗಳನ್ನು ಬಳಸಿದರು. ಅವರ ಪ್ರಶ್ನೆ ಒಂದು ಗುಂಪಿನೊಳಗಿನ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು. ಅದಕ್ಕೆ ಈ ಅಳತೆ ಹೊಂದುತ್ತದೆ. ‘ಬಾಡಿಗೆಗೆ ಯಾವುದು ಮುಖ್ಯ’ ಅನ್ನುವುದು ಬೇರೆಯೇ ಪ್ರಶ್ನೆ. ಆದ್ದರಿಂದ ರಮ್ಯಾ ಅವರೇ, ‘ಮುಖ್ಯ’ವನ್ನೂ ಬಿಡಿ, ‘ಪ್ರಭಾವಶಾಲಿ’ಯನ್ನೂ ಬಿಡಿ. “ಈ ಮನೆಗಳ ಬಾಡಿಗೆಯಲ್ಲಿ ಕಾಣುವ ಏರಿಳಿತಕ್ಕೆ, ದೂರದ ಹರವಿಗಿಂತ ವಿಸ್ತೀರ್ಣದ ಹರವು ಹೆಚ್ಚು ಕಾರಣ” ಎಂದು ಬರೆಯಿರಿ. ‘ಈ ಮನೆಗಳ’ ಅನ್ನುವ ಮಾತು ಬಿಟ್ಟುಹೋಗಬಾರದು.

ಹೆಸರಿನ ವಿಷಯಕ್ಕೆ, ಶಾಲೆಯ ಪುಸ್ತಕದಲ್ಲಿ ‘ಮಾನಕ ವಿಚಲನೆ’ ಆಗಲೇ ಇದೆ. ‘ಮಾನಕ ಗುಣಾಂಕ’ ಅಂದರೆ ಮಕ್ಕಳಿಗೆ ನಂಟು ತಾನಾಗಿ ಕಾಣುತ್ತದೆ.

ಸುಮಂಗಲಾ, ಮಲ್ಲೇಶ್ವರ

ಮೂರ್ತಿಯವರ ವಾಕ್ಯ ಚೆನ್ನಾಗಿದೆ, ಆದರೆ ‘ಕಾರಣ’ ಅನ್ನುವ ಮಾತು ಜೋರಾಯಿತು. ಮೆಟ್ರೊ ಹತ್ತಿರದ ಮನೆಗಳು ಹೊಸವಾಗಿದ್ದು, ಅದಕ್ಕೇ ಬಾಡಿಗೆ ಜಾಸ್ತಿ ಇದ್ದರೆ? ‘ಪಾಲು’ ಅನ್ನಬಹುದಲ್ಲ. “ಏರಿಳಿತದಲ್ಲಿ ವಿಸ್ತೀರ್ಣದ ಪಾಲು ದೊಡ್ಡದು.”

‘ಮಾನಕ ಗುಣಾಂಕ’ ನನಗೆ ಹಿಡಿಸಲಿಲ್ಲ. ಮಾನಕ ಅಂದರೆ ಉಳಿದವನ್ನು ಅಳೆಯಲು ಇಟ್ಟುಕೊಂಡ ಮಾದರಿ ಅನಿಸುತ್ತದೆ. ಇಲ್ಲಿ ಗುಣಾಂಕವೇ ಅಳತೆಗೆ ಒಳಗಾಗಿದೆ. ‘ಮಾನಕಗೊಳಿಸಿದ ಗುಣಾಂಕ’ ಉದ್ದವಾದರೂ ಸುಳ್ಳು ಹೇಳುವುದಿಲ್ಲ.

ನವೀನ್, ಮಾರತ್‌ಹಳ್ಳಿ

ಮೂರ್ತಿ ಸರ್, ಹರವಿನ ಮಾತು ಒಪ್ಪಿದೆ. ಆದರೆ ಆಫೀಸಿನಲ್ಲಿ ಮ್ಯಾನೇಜರ್ ಕೇಳುವುದು ಒಂದೇ: ಯಾವುದು ಜಾಸ್ತಿ ಮುಖ್ಯ? “ಈ ಡೇಟಾದ ಹರವಿನಲ್ಲಿ” ಅಂತ ಶುರು ಮಾಡಿದರೆ ಕೇಳಿಸಿಕೊಳ್ಳುವವರು ಯಾರು? ಬೀಟಾ ಬೇಡ ಅಂದರೆ ಅದೇ ಟೇಬಲ್‌ನ t ಮೌಲ್ಯ ನೋಡಿ ಹೇಳಬಹುದಲ್ಲವೇ?

ಮೂರ್ತಿ, ಜಯನಗರ

t ಮೌಲ್ಯ ಬೇಡ. ಮನೆಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡಿದರೆ t ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಮೆಟ್ರೊ ಬೆಲೆ ಎರಡು ಪಟ್ಟಾಯಿತೇ? ಗುಣಾಂಕ ಎಷ್ಟು ಖಚಿತವಾಗಿ ಗೊತ್ತಾಗಿದೆ ಅನ್ನುವುದನ್ನು t ಹೇಳುತ್ತದೆ, ಅಷ್ಟೇ.

ಮ್ಯಾನೇಜರಿಗೆ ಹೇಳಲು ಇನ್ನೂ ಸರಳ ದಾರಿ ಇದೆ. ನಿಜವಾಗಿ ಜನರ ಮುಂದೆ ಬರುವ ಬದಲಾವಣೆಯೊಂದನ್ನು ಆರಿಸಿ, ಮೂಲ ಗುಣಾಂಕದಲ್ಲೇ ಮಾತಾಡಿ. ಒಬ್ಬರು ಮನೆ ಹುಡುಕುತ್ತಿದ್ದಾರೆ ಅನ್ನಿ. ಒಂದು ಮನೆ ಮೆಟ್ರೊಗೆ 2 ಕಿಲೋಮೀಟರ್ ಹತ್ತಿರ, ಇನ್ನೊಂದು 150 ಚದರಡಿ ದೊಡ್ಡದು. ಹತ್ತಿರ ಇರುವುದಕ್ಕೆ 4,000 ರೂಪಾಯಿ ಜಾಸ್ತಿ, ದೊಡ್ಡದಾಗಿರುವುದಕ್ಕೆ 3,000. ಈ ಆಯ್ಕೆಯಲ್ಲಿ ಮೆಟ್ರೊ ಮುಂದೆ ಬಂತು. ಬೀಟಾದಲ್ಲಿ ವಿಸ್ತೀರ್ಣ ಮುಂದಿತ್ತು. ಎರಡೂ ಸುಳ್ಳಲ್ಲ, ಕೇಳಿದ ಪ್ರಶ್ನೆಗಳೇ ಬೇರೆ. ಯಾವ ಬದಲಾವಣೆ ಆರಿಸಿದಿರಿ ಅನ್ನುವುದು ಇಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಬೇಕಿದ್ದವರು ತಕರಾರು ತೆಗೆಯಬಹುದು. ಬೀಟಾದೊಳಗೆ ಅದು ಅಡಗಿ ಕೂತಿರುತ್ತದೆ.

ಸುಮಂಗಲಾ ಮೇಡಂ, ‘ಕಾರಣ’ದ ಬಗ್ಗೆ ನೀವು ಹೇಳಿದ್ದು ಸರಿ, ತೆಗೆಯೋಣ. ‘ಪಾಲು’ ಮಾತ್ರ ಹುಷಾರು. ಪಾಲು ಅಂದರೆ ಎಲ್ಲ ಪಾಲು ಸೇರಿ ಇಡಿಯಾಗಬೇಕು. ವಿಸ್ತೀರ್ಣ, ದೂರ ಎರಡಕ್ಕೂ ಸಂಬಂಧವಿಲ್ಲದಿದ್ದರೆ ಒಂದೊಂದು ಬೀಟಾವನ್ನೂ ಅದರಿಂದಲೇ ಗುಣಿಸಿ ಬಂದದ್ದನ್ನು ಪಾಲು ಅನ್ನಬಹುದು. ಆದರೆ ಊರ ಹೊರಗೆ, ಮೆಟ್ರೊದಿಂದ ದೂರ ಹೋದಂತೆ ಮನೆಗಳೂ ದೊಡ್ಡವಾಗುತ್ತಿದ್ದರೆ, ಎರಡೂ ಹೆಣೆದುಕೊಂಡಿರುತ್ತವೆ. ಆಗ ಯಾರ ಪಾಲು ಎಷ್ಟು ಅಂತ ಹಂಚಲು ಒಂದೇ ಸರಿಯಾದ ರೀತಿ ಇಲ್ಲ.

ಶ್ರೀಧರ, ರಾಜಾಜಿನಗರ

ಹಾಗಾದರೆ ಲಿಫ್ಟ್? ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದ್ದಿದ್ದರೆ ಬಾಡಿಗೆ ಇನ್ನೂ 3,000 ಸಿಗುತ್ತಿತ್ತು ಅಂತ ಬ್ರೋಕರ್ ಹೇಳುತ್ತಾನೆ. ಲಿಫ್ಟಿಗೂ ಹರವು ಇರುತ್ತದೆಯೇ?

ರಮ್ಯಾ, ವಿಜಯನಗರ

ಶ್ರೀಧರ್ ಸರ್, ನಿಮ್ಮ ಪ್ರಶ್ನೆ ನನ್ನ ಪಾಠಕ್ಕೇ ಬೇಕಾಗಿತ್ತು. ಲೆಕ್ಕ ಹಾಕಿ ನೋಡಿದೆ. ಲಿಫ್ಟ್ ಇದ್ದರೆ 1, ಇಲ್ಲದಿದ್ದರೆ 0. ಅರ್ಧ ಮನೆಗಳಿಗೆ ಲಿಫ್ಟ್ ಇದ್ದರೆ ಮಾನಕ ವಿಚಲನೆ 0.5. ಹತ್ತರಲ್ಲಿ ಒಂದಕ್ಕೆ ಮಾತ್ರ ಇದ್ದರೆ 0.3. ಬಾಡಿಗೆಯ ಹರವು ಸುಮಾರಾಗಿ 8,000ವೇ ಇದ್ದರೆ ಬೀಟಾ ಮೊದಲನೆಯದರಲ್ಲಿ 0.19, ಎರಡನೆಯದರಲ್ಲಿ 0.11. ಲಿಫ್ಟ್ ಅದೇ, 3,000 ಅದೇ. ಲಿಫ್ಟ್ ಇರುವ ಮನೆಗಳು ಅಪರೂಪವಾದವು ಅಷ್ಟೇ. ಮೇಲಾಗಿ ‘ಲಿಫ್ಟ್ 0.3ರಷ್ಟು ಹೆಚ್ಚಾದರೆ’ ಅಂತ ಮಕ್ಕಳಿಗೆ ಹೇಗೆ ಹೇಳಲಿ?

ಮೂರ್ತಿ, ಜಯನಗರ

ಹೇಳಬೇಡಿ. ಇದ್ದರೆ, ಇಲ್ಲದಿದ್ದರೆ ಅನ್ನುವಂಥವನ್ನು 0, 1 ಆಗಿಯೇ ಬಿಡಿ. 2008ರಲ್ಲಿ ಸಂಖ್ಯಾಶಾಸ್ತ್ರಜ್ಞ ಆಂಡ್ರೂ ಗೆಲ್ಮನ್ ಒಂದು ಸಲಹೆ ಕೊಟ್ಟರು. ವಿಸ್ತೀರ್ಣ, ದೂರದಂಥವನ್ನು ಒಂದರ ಬದಲು ಎರಡು ಮಾನಕ ವಿಚಲನೆಯಿಂದ ಭಾಗಿಸಿ ಅಂತ. ಅರ್ಧಕ್ಕರ್ಧ ಇರುವ ಲಿಫ್ಟಿನಲ್ಲಿ 0ಯಿಂದ 1ಕ್ಕೆ ಹೋಗುವುದು ಎರಡು ಮಾನಕ ವಿಚಲನೆಯಷ್ಟೇ ಆಗುತ್ತದೆ, ಆದ್ದರಿಂದ ಪಕ್ಕಪಕ್ಕ ಇಟ್ಟು ನೋಡಬಹುದು. ನಿಮ್ಮ ಅಂಕಿಗಳಲ್ಲಿ ವಿಸ್ತೀರ್ಣಕ್ಕೆ 8,000, ದೂರಕ್ಕೆ 6,000, ಲಿಫ್ಟಿಗೆ 3,000 ಬರುತ್ತದೆ. ಬಾಡಿಗೆಯನ್ನು ರೂಪಾಯಿಯಲ್ಲೇ ಬಿಟ್ಟಿದ್ದೇನೆ. ಹತ್ತರಲ್ಲಿ ಒಂದೇ ಲಿಫ್ಟ್ ಇರುವ ಕಡೆ ಈ ಹೋಲಿಕೆ ಸಡಿಲವಾಗುತ್ತದೆ. ಹರವಿನ ತಕರಾರೂ ಇದರಿಂದ ಹೋಗುವುದಿಲ್ಲ.

ರಮ್ಯಾ, ವಿಜಯನಗರ

ಪಾಠದಲ್ಲಿ ಈಗ ಹೀಗೆ ಬರೆದಿದ್ದೇನೆ: “ಈ ಮನೆಗಳಲ್ಲಿ ವಿಸ್ತೀರ್ಣ ಒಂದು ಮಾನಕ ವಿಚಲನೆಯಷ್ಟು, ಅಂದರೆ 200 ಚದರಡಿ ಹೆಚ್ಚಿದ್ದಲ್ಲಿ, ದೂರ ಅಷ್ಟೇ ಇದ್ದರೆ, ಬಾಡಿಗೆ ಸರಾಸರಿ 4,000 ಹೆಚ್ಚಿರುತ್ತದೆ. ದೂರ 1.5 ಕಿಲೋಮೀಟರ್ ಹೆಚ್ಚಿದ್ದಲ್ಲಿ, ವಿಸ್ತೀರ್ಣ ಅಷ್ಟೇ ಇದ್ದರೆ, 3,000 ಕಡಿಮೆ.” ಕೆಳಗೆ ಶ್ರೀಧರ್ ಸರ್ ಅವರ ಬೀದಿಯ ಟೇಬಲ್ ಹಾಕಿ, ಬೀಟಾ ಯಾಕೆ ಬದಲಾಯಿತು ಅಂತ ಮಕ್ಕಳನ್ನೇ ಕೇಳುತ್ತೇನೆ. ‘ಮುಖ್ಯ’ ಪದ ಎಲ್ಲೂ ಇಲ್ಲ.

ಹೆಸರು ಸದ್ಯಕ್ಕೆ ‘ಮಾನಕಗೊಳಿಸಿದ ಗುಣಾಂಕ’ ಅಂತ ಇಟ್ಟಿದ್ದೇನೆ. ಮೂರ್ತಿ ಸರ್‌ಗೆ ಇದು ಉದ್ದ ಅನಿಸಬಹುದು. ಬೇರೆ ಕಾಲೇಜುಗಳಲ್ಲಿ ಕನ್ನಡದಲ್ಲಿ ಪಾಠ ಮಾಡುವವರು ಏನಂತ ಕರೆಯುತ್ತಾರೆ, ಗೊತ್ತಿದ್ದವರು ಬರೆಯಿರಿ.